ಟಿಷ್ಯೂ ಸೀರೆ ಬಿಟ್ಟು ಕ್ರೇಪ್ ಸೀರೆ ಆರಿಸಿದ್ದು ಯಾಕೆ: ಆರತಕ್ಷತೆ ವೇದಿಕೆಯ ಒಂದು ಪ್ರಕರಣ

ಮೈಸೂರಿನ ಒಂದು ಕಲ್ಯಾಣ ಮಂಟಪ. ಮರುದಿನ ಬೆಳಿಗ್ಗೆ ಧಾರೆ, ಹಿಂದಿನ ಸಂಜೆ ಏಳರಿಂದ ಹತ್ತರವರೆಗೆ ಆರತಕ್ಷತೆ. ಧಾರೆ ಸೀರೆ ಆಗಲೇ ಬಂದಾಗಿತ್ತು, ಅದರ ಬಗ್ಗೆ ಯಾರದ್ದೂ ತಕರಾರಿರಲಿಲ್ಲ. ಸಂಜೆಗೆ ಏನು ಉಡುವುದು ಎನ್ನುವುದು ಮಾತ್ರ ಬಗೆಹರಿದಿರಲಿಲ್ಲ. ಹುಡುಗಿಯ ತಾಯಿಗೆ ಹೊಂಬಣ್ಣದ ಟಿಷ್ಯೂ ರೇಷ್ಮೆ ಇಷ್ಟ. ಹುಡುಗನ ಅಕ್ಕನಿಗೆ ಮರೂನ್ ವೆಲ್ವೆಟ್ ಲೆಹಂಗಾ ಆಗಬೇಕು. ಹುಡುಗಿಗೆ ಅಂಗಡಿಯಲ್ಲಿ ನೋಡಿದ ರಾಣಿ ಪಿಂಕ್ ಸ್ಯಾಟಿನ್ ಸೀರೆಯ ಮೇಲೆ ಮನಸ್ಸು. ಮೂರೂ ಅಂಗಡಿಯ ಕನ್ನಡಿಯಲ್ಲಿ ಚೆನ್ನಾಗಿಯೇ ಕಾಣುತ್ತಿದ್ದವು. ಆದರೆ ವೇದಿಕೆಯ ಬೆಳಕಿನಲ್ಲಿ ತೆಗೆದ ಪರೀಕ್ಷೆಯ ಫೋಟೋಗಳಲ್ಲಿ ಮೂರೂ ಸೋತವು, ಮೂರಕ್ಕೂ ಬೇರೆ ಬೇರೆ ಕಾರಣ.

ಬಟ್ಟೆಗಿಂತ ಮೊದಲು ಬೆಳಕನ್ನು ತಿಳಿದುಕೊಳ್ಳಬೇಕು, ಬಹುತೇಕ ಮನೆಗಳಲ್ಲಿ ಇದು ತಿರುವುಮುರುವಾಗುತ್ತದೆ. ಈ ಮಂಟಪದ ವೇದಿಕೆ 24 ಅಡಿ ಅಗಲ. ಹಿಂದೆ ಕಡು ಹಸಿರು ಎಲೆಯ ಗೋಡೆ, ಅದರ ಮೇಲೆ ಬಿಳಿ ಮತ್ತು ತಿಳಿ ಗುಲಾಬಿ ಹೂಗಳು, ನಡುನಡುವೆ ಹಳದಿ ಬಲ್ಬಿನ ಸರ. ಮೇಲಿನ ಕಂಬಿಯಲ್ಲಿ ನಾಲ್ಕು ಹ್ಯಾಲೊಜನ್ ದೀಪ, ಕೆಳಗೆ ನೆಲದ ಮೇಲೆ ಬಣ್ಣ ಬದಲಿಸುವ ನಾಲ್ಕು ಎಲ್‌ಇಡಿ ಪಾರ್ ಲೈಟು. ವಿಡಿಯೊದವರದ್ದು ಎರಡು ಎಲ್‌ಇಡಿ ಪ್ಯಾನೆಲ್. ಫೋಟೋಗ್ರಾಫರ್ ಎರಡು ಫ್ಲಾಶ್‌ಗಳನ್ನು ಸಾಫ್ಟ್‌ಬಾಕ್ಸ್ ಹಾಕಿ, ಸ್ಟ್ಯಾಂಡಿನ ಮೇಲೆ ದಂಪತಿಯಿಂದ ಸುಮಾರು 12 ಅಡಿ ದೂರದಲ್ಲಿ ಎರಡೂ ಕಡೆ ನಿಲ್ಲಿಸುವವರು. ಅಂದರೆ ಒಂದೇ ಸೀರೆಯ ಮೇಲೆ ನಾಲ್ಕು ಜಾತಿಯ ಬೆಳಕು ಬೀಳುತ್ತದೆ. ಹ್ಯಾಲೊಜನ್ ಸುಮಾರು 3200 ಕೆಲ್ವಿನ್, ನೋಡಲು ಹಳದಿ. ಫ್ಲಾಶ್ ಸುಮಾರು 5500 ಕೆಲ್ವಿನ್, ಹಗಲಿನ ಬೆಳಕಿಗೆ ಹತ್ತಿರ. ಪಾರ್ ಲೈಟಿನ ಬಿಳಿ ನಿಜವಾದ ಬಿಳಿಯಲ್ಲ; ಕೆಂಪು, ಹಸಿರು, ನೀಲಿ ಮೂರನ್ನು ಬೆರೆಸಿ ಕಣ್ಣಿಗೆ ಬಿಳಿ ಅನ್ನಿಸುವ ಹಾಗೆ ಮಾಡಿದ್ದು. ಅಂಗಡಿಯ ಟ್ಯೂಬ್‌ಲೈಟು ಈ ನಾಲ್ಕರಲ್ಲಿ ಯಾವುದಕ್ಕೂ ಸಮನಲ್ಲ. ಹಾಗಾಗಿ ಅಂಗಡಿಯಲ್ಲಿ ತೆಗೆದ ಫೋಟೋವನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿ ಅಭಿಪ್ರಾಯ ಕೇಳಿದರೆ ವೇದಿಕೆಯ ಬಗ್ಗೆ ಏನೂ ತಿಳಿಯುವುದಿಲ್ಲ.

ಮದುವೆಗೆ ಮೂರು ವಾರ ಇರುವಾಗ ಅದೇ ಮಂಟಪದಲ್ಲಿ ಅದೇ ಡೆಕೋರೇಷನ್‌ನವರು ಬೇರೊಬ್ಬರ ಆರತಕ್ಷತೆಗೆ ವೇದಿಕೆ ಕಟ್ಟುತ್ತಿದ್ದರು. ಆ ಮನೆಯವರ ಒಪ್ಪಿಗೆ ಕೇಳಿ, ಅತಿಥಿಗಳು ಬರುವ ಮೊದಲು, ಸಂಜೆ ಆರೂವರೆಗೆ 20 ನಿಮಿಷ ಪರೀಕ್ಷೆಗೆ ಸಿಕ್ಕಿತು. ಹೊಸ ಸೀರೆ ಕೊಳ್ಳಬೇಕಾದ ಅಗತ್ಯವೇ ಇರಲಿಲ್ಲ. ತಾಯಿಯ ಬೀರುವಿನಲ್ಲಿದ್ದ ಹಳೆಯ ಟಿಷ್ಯೂ ಸೀರೆ, ರಾಣಿ ಬಣ್ಣದ ಸ್ಯಾಟಿನ್ ಅರ್ಧ ಮೀಟರ್, ಮರೂನ್ ವೆಲ್ವೆಟ್ ಅರ್ಧ ಮೀಟರ್, ಚಿಕ್ಕಮ್ಮನ ಕ್ರೇಪ್ ಸೀರೆ, ಇಷ್ಟನ್ನು ಚೀಲದಲ್ಲಿ ತಂದಿದ್ದರು. ಹುಡುಗಿ ವೇದಿಕೆಯ ನಡುವೆ ದಂಪತಿ ನಿಲ್ಲುವ ಜಾಗದಲ್ಲೇ ನಿಂತು, ಒಂದೊಂದೇ ಬಟ್ಟೆಯನ್ನು ಹೆಗಲಿನಿಂದ ಸೊಂಟದವರೆಗೆ ನೆರಿಗೆ ಮಡಿಸಿ ಪಿನ್ ಹಾಕಿಕೊಂಡಳು. ಬಟ್ಟೆಯನ್ನು ಕೈಯಲ್ಲಿ ಚಪ್ಪಟೆಯಾಗಿ ಹಿಡಿದರೆ ಪರೀಕ್ಷೆ ಹಾಳು. ವೇದಿಕೆಯ ಮೇಲೆ ಬಟ್ಟೆ ಕಾಣುವುದೇ ಮಡಿಕೆಗಳಿಂದ; ಬೆಳಕು ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ತೋರಿಸುವುದು ಆ ಮಡಿಕೆಗಳೇ.

ಕ್ಯಾಮೆರಾ ಫೋಟೋಗ್ರಾಫರ್‌ದೇ. ಫೋನಿನಲ್ಲೂ ಮಾಡಬಹುದು, ಆದರೆ ಪ್ರೋ ಮೋಡಿನಲ್ಲಿ ಬೆಳಕಿನ ಸೂಕ್ಷ್ಮತೆಯ ISO, ಶಟರ್, ಬಣ್ಣದ ಹೊಂದಿಕೆಯ WB ಮೂರನ್ನೂ ಒಂದು ಸಲ ಹೊಂದಿಸಿ ಬೀಗ ಹಾಕಿದ ಹಾಗೆ ಬಿಡಬೇಕು. ಆಟೋದಲ್ಲಿ ಬಿಟ್ಟರೆ ಫೋನು ಪ್ರತಿ ಬಟ್ಟೆಗೂ ತನ್ನಷ್ಟಕ್ಕೆ ಬೆಳಕು ಬಣ್ಣ ಸರಿಪಡಿಸಿ, ಎಲ್ಲವೂ ಚೆನ್ನಾಗಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಶಟರ್ 1/100 ಅಥವಾ 1/50 ಇಡುವುದು ಒಳ್ಳೆಯದು. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ದೀಪಗಳ ಮಿನುಗು ಆ ವೇಗಗಳಿಗೆ ಹೊಂದಿಕೊಂಡು, ಫೋಟೋದಲ್ಲಿ ಅಡ್ಡ ಪಟ್ಟಿಗಳು ಬೀಳುವುದು ಕಡಿಮೆಯಾಗುತ್ತದೆ. ಎಲ್ಲಕ್ಕೂ ಒಂದೇ ಅಳತೆಗೋಲು: ಮೊದಲು ಮುಖ ಸರಿಯಾಗಿ ಬರುವಂತೆ ಬೆಳಕು ಹೊಂದಿಸಬೇಕು, ಆಮೇಲೆ ಅದೇ ಹೊಂದಿಕೆಯಲ್ಲಿ ಬಟ್ಟೆ ಏನಾಗುತ್ತದೆ ಎಂದು ನೋಡಬೇಕು. ಸೀರೆಗಾಗಿ ಮುಖವನ್ನು ಕಪ್ಪು ಮಾಡುವುದಕ್ಕಾಗಲ್ಲವಲ್ಲ.

ಮೊದಲು ಟಿಷ್ಯೂ. ಇದರ ನೇಯ್ಗೆಯಲ್ಲಿ ಹಾಸು ರೇಷ್ಮೆ, ಹೊಕ್ಕು ಪೂರ್ತಿ ಜರಿ. ಜರಿ ಎಂದರೆ ನೂಲಿಗೆ ಸುತ್ತಿದ ಚಪ್ಪಟೆ ಲೋಹದ ಪಟ್ಟಿ, ಪ್ರತಿಯೊಂದು ಎಳೆಯೂ ಒಂದು ಪುಟ್ಟ ಕನ್ನಡಿ. ದೇವರ ಮನೆಯ ದೀಪದ ಮುಂದೆ ಅದು ಹೊಳೆಯುವ ಚೆಂದವೇ ಬೇರೆ, ಏಕೆಂದರೆ ಅಲ್ಲಿ ಬೆಳಕು ಮೆಲ್ಲಗಿದೆ. ಇಲ್ಲಿ ಎರಡು ಫ್ಲಾಶ್ ಒಟ್ಟಿಗೆ ಹೊಡೆದಾಗ ಎದೆಯ ಮೇಲಿನ ಮಡಿಕೆಗಳು ಬೆಳಕನ್ನು ನೇರ ಕ್ಯಾಮೆರಾಕ್ಕೇ ವಾಪಸು ಎಸೆದವು. ಕ್ಯಾಮೆರಾದ ಪರದೆಯಲ್ಲಿ, ಬೆಳಕು ಮಿತಿ ಮೀರಿದ ಜಾಗವನ್ನು ಕಪ್ಪು ಬಿಳಿಯಾಗಿ ಮಿಣುಕಿಸುವ ಸೂಚನೆ ಇರುತ್ತದೆ. ಹೆಗಲಿನಿಂದ ಸೊಂಟದವರೆಗೆ ಮಿಣುಕಿತು. ದೊಡ್ಡದು ಮಾಡಿ ನೋಡಿದರೆ ಹೊನ್ನಿನ ಬಣ್ಣವೇ ಇಲ್ಲ, ಬರೀ ಬಿಳಿ ಪಟ್ಟಿ. ಅದರ ಮೇಲಿದ್ದ ಎರಡೆಳೆ ಚಿನ್ನದ ಸರ ಎಲ್ಲಿದೆ ಎಂದು ಹುಡುಕಬೇಕಾಯಿತು. ಹೀಗೆ ಬಿಳಿಯಾದ ಜಾಗದಲ್ಲಿ ಕ್ಯಾಮೆರಾ ಏನನ್ನೂ ದಾಖಲಿಸಿಕೊಂಡಿರುವುದಿಲ್ಲ, ಆಲ್ಬಮ್ ಮಾಡುವವರು ಎಷ್ಟು ತಿದ್ದಿದರೂ ಅದು ಬೂದು ಬಣ್ಣಕ್ಕೆ ತಿರುಗೀತೇ ಹೊರತು ಜರಿಯಾಗುವುದಿಲ್ಲ. ಫ್ಲಾಶ್ ಕಡಿಮೆ ಮಾಡಿದಾಗ ಸೀರೆ ಸರಿಯಾಯಿತು, ಮುಖ ಕಪ್ಪಿಟ್ಟಿತು.

ಟಿಷ್ಯೂವಿಗೆ ಇನ್ನೂ ಒಂದು ಸಮಸ್ಯೆ ಇದೆ. ಒಮ್ಮೆ ಸುಕ್ಕು ಬಿದ್ದರೆ ಕಾಗದದ ಹಾಗೆ ಹಿಡಿದುಕೊಳ್ಳುತ್ತದೆ. ಮೂರು ಗಂಟೆಯಲ್ಲಿ ನೂರಾರು ಸಲ ಕೂತು, ಎದ್ದು, ಬಗ್ಗಿ ನಮಸ್ಕಾರ ಮಾಡುವ ಹೆಣ್ಣಿನ ಸೊಂಟದ ಬಳಿ ಆ ಸುಕ್ಕುಗಳು ಪಕ್ಕದ ಬೆಳಕಿನಲ್ಲಿ ಗೆರೆಗೆರೆಯಾಗಿ ಎದ್ದು ಕಾಣುತ್ತವೆ.

ರಾಣಿ ಪಿಂಕ್ ಸ್ಯಾಟಿನ್ನಿನ ತೊಂದರೆ ಮೇಲ್ನೋಟಕ್ಕೆ ಗೊತ್ತಾಗಲಿಲ್ಲ, ಇದನ್ನೇ ಹೆಚ್ಚು ಜನ ಗಮನಿಸದೆ ಮೋಸ ಹೋಗುವುದು. ಬಿಳಿ ಪಟ್ಟಿಯಿಲ್ಲ, ಮಿಣುಕು ಇಲ್ಲ, ಪರದೆಯ ಮೇಲೆ ಬಣ್ಣ ಜೋರಾಗಿದೆ. ಆದರೆ ದೊಡ್ಡದು ಮಾಡಿದಾಗ ನೆರಿಗೆಗಳೇ ಕಾಣಿಸಲಿಲ್ಲ. ಎದೆಯಿಂದ ಕೆಳಕ್ಕೆ ಒಂದೇ ಗುಲಾಬಿ ಬಳಿದ ಹಾಗೆ. ಕಾರಣ ಹೀಗೆ: ಕ್ಯಾಮೆರಾ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆ ಅಳೆಯುತ್ತದೆ. ರಾಣಿ ಬಣ್ಣದಲ್ಲಿ ಕೆಂಪು ತುಂಬಿ ತುಳುಕುತ್ತದೆ, ಮೇಲಿಂದ ಹ್ಯಾಲೊಜನ್ನಿನ ಕೆಂಪು ಹಳದಿ ಬೆಳಕು ಅದನ್ನು ಇನ್ನಷ್ಟು ಏರಿಸುತ್ತದೆ. ಕೆಂಪಿನ ಪಾತ್ರೆ ತುಂಬಿಹೋದ ಮೇಲೆ ಮಡಿಕೆಯ ಏರು ಮತ್ತು ಇಳಿ ಎರಡೂ ಒಂದೇ ಅಳತೆ ತೋರಿಸುತ್ತವೆ. ಉಳಿದ ಎರಡು ಬಣ್ಣಗಳು ಕಡಿಮೆ ಇರುವುದರಿಂದ ಕ್ಯಾಮೆರಾ ತೋರಿಸುವ ಒಟ್ಟು ಬೆಳಕಿನ ಗ್ರಾಫ್ ನೋಡಿದರೆ ಎಲ್ಲ ಸರಿಯಿದ್ದಂತೆಯೇ ಇರುತ್ತದೆ. ಮೂರೂ ಬಣ್ಣದ ಗ್ರಾಫ್ ಬೇರೆಬೇರೆ ತೆರೆದು ನೋಡಿದಾಗ ಕೆಂಪಿನದ್ದು ಬಲಗಡೆ ಗೋಡೆಗೆ, ಅಂದರೆ ಮಿತಿಯ ಅಂಚಿಗೆ, ಒತ್ತಿಕೊಂಡು ನಿಂತಿತ್ತು.

“ಮೇಡಂ, ಇದೇ ಬಣ್ಣ ಒಂದು ಶೇಡ್ ಕಡಿಮೆ ಮಾಡಿ, ಹೊಳಪಿಲ್ಲದ ಬಟ್ಟೆಯಲ್ಲಿ ತಗೊಳ್ಳಿ, ನಾನು ನೆರಿಗೆ ತೋರಿಸಿಕೊಡ್ತೀನಿ” ಎಂದರು ಫೋಟೋಗ್ರಾಫರ್. ಹುಡುಗಿಗೆ ದಾರಿ ಸಿಕ್ಕಿದ್ದು ಈ ಮಾತಿನಿಂದ. ಗುಲಾಬಿಯೇ ಬೇಡ ಎಂದಲ್ಲ. ಅಷ್ಟು ತೀಕ್ಷ್ಣ ಬಣ್ಣ ಮತ್ತು ಸ್ಯಾಟಿನ್ನಿನ ನುಣುಪು ಎರಡೂ ಒಟ್ಟಿಗೆ ಬೇಡ.

ವೆಲ್ವೆಟ್ಟಿನದ್ದು ಇದಕ್ಕೆ ಪೂರ್ತಿ ತದ್ವಿರುದ್ಧ. ನಿಂತ ಎಳೆಗಳ ಸಂದಿನಲ್ಲಿ ಬೆಳಕು ಇಳಿದು ಅಲ್ಲೇ ಉಳಿಯುತ್ತದೆ. ಮರೂನ್ ಬಟ್ಟೆ ಫೋಟೋದಲ್ಲಿ ಕಪ್ಪು ಗುಡ್ಡೆಯಾಯಿತು, ಅಂಚಿನಲ್ಲಿ ಮಾತ್ರ ಒಂದು ತೆಳು ಹೊಳಪು. ವಿಡಿಯೊದವರ ಪ್ಯಾನೆಲ್ ಒಂದೇ ಇಟ್ಟು ನೋಡಿದಾಗ ಮರೂನ್ ಹೋಗಿ ಕಾಫಿ ಪುಡಿಯ ಕಂದು ಬಂತು. ಅಗ್ಗದ ಎಲ್‌ಇಡಿಗಳಲ್ಲಿ ಕಡುಗೆಂಪಿನ ಪಾಲು ಕಡಿಮೆ. ದೀಪವು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂದು ಹೇಳಲು ಡಬ್ಬಿಯ ಮೇಲೆ ಬರೆದಿರುವ ಸಿಆರ್‌ಐ ಅಂಕೆ ಎಂಟು ತಿಳಿ ಬಣ್ಣಗಳ ಸರಾಸರಿ ಮಾತ್ರ. ಕಡುಗೆಂಪಿಗೆ ಆರ್9 ಎಂಬ ಬೇರೆ ಅಂಕೆ ಇದೆ, ಅದು ಆ ಸರಾಸರಿಗೆ ಸೇರುವುದಿಲ್ಲ. ಡಬ್ಬಿಯ ಮೇಲೆ 80 ಎಂದಿದ್ದರೂ ಮರೂನ್ ಸತ್ತ ಬಣ್ಣವಾಗಿ ಕಾಣುವುದು ಇದರಿಂದ. ಬೀಗರ ಕಡೆಯವರ ಮನಸ್ಸಿಗೆ ನೋವಾಗದಂತೆ ಹೇಳುವ ಕೆಲಸವನ್ನು ಆ ಫೋಟೋವೇ ಮಾಡಿತು. ಹುಡುಗನ ಅಕ್ಕ ನೋಡಿದ ಕೂಡಲೇ, “ಅಯ್ಯೋ, ಇದೇನು ಇಷ್ಟು ಕಪ್ಪು? ಬೇಡ ಬಿಡಿ ಅತ್ತೆ” ಎಂದು ತಾವೇ ಕೈಬಿಟ್ಟರು.

ಉಳಿದದ್ದು ಚಿಕ್ಕಮ್ಮನ ಕ್ರೇಪ್. ಅದು ಆಯ್ಕೆಯ ಪಟ್ಟಿಯಲ್ಲಿ ಇರಲೇ ಇಲ್ಲ, ಹೋಲಿಕೆಗೆ ಇರಲಿ ಎಂದು ತಂದಿದ್ದು. ಕ್ರೇಪ್ ರೇಷ್ಮೆಯ ನೂಲಿಗೆ ಬಿಗಿಯಾದ ಹುರಿ ಕೊಟ್ಟಿರುತ್ತಾರೆ, ಎಡಕ್ಕೆ ಹುರಿ ಮಾಡಿದ್ದು ಮತ್ತು ಬಲಕ್ಕೆ ಹುರಿ ಮಾಡಿದ್ದು ಎರಡನ್ನೂ ಸೇರಿಸಿ ನೇಯುತ್ತಾರೆ. ನೆನೆಸಿ ತೊಳೆದಾಗ ಆ ಹುರಿಗಳು ಎಳೆದಾಡಿ ಮೇಲ್ಮೈ ಸಣ್ಣ ರವೆಯಂತಾಗುತ್ತದೆ. ಬೆರಳ ತುದಿಯಲ್ಲಿ ತಡವಿದರೆ ಗೊತ್ತಾಗುತ್ತದೆ. ಬೆಳಕು ಅದರ ಮೇಲೆ ಬಿದ್ದು ಎಲ್ಲ ದಿಕ್ಕಿಗೂ ಚದುರುತ್ತದೆ, ಆದ್ದರಿಂದ ಹೊಳಪು ಒಂದೇ ಕಡೆ ಗುಡ್ಡೆಯಾಗದೆ ಇಡೀ ಮಡಿಕೆಯ ಮೇಲೆ ಹಾಸಿಕೊಳ್ಳುತ್ತದೆ. ರೇಷ್ಮೆ ಎಂಬುದು ಕಾಣುತ್ತದೆ, ಕಣ್ಣಿಗೆ ಚುಚ್ಚುವುದಿಲ್ಲ. 1912ರಲ್ಲಿ ಶುರುವಾದ ರೇಷ್ಮೆ ಕಾರ್ಖಾನೆಯ ಊರಿನಲ್ಲಿ, ಮೈಸೂರು ರೇಷ್ಮೆಯೆಂದು ನಾವು ಕರೆಯುವ ಸೀರೆಯ ಒಡಲು ಇದೇ ಕ್ರೇಪ್ ಎಂಬುದನ್ನು ಎಲ್ಲರೂ ಮರೆತಿದ್ದರು. “ನೋಡು ಪುಟ್ಟಿ, ಮನೆಯಲ್ಲೇ ಇತ್ತಲ್ಲ!” ಎಂದರು ಚಿಕ್ಕಮ್ಮ. ಫೋಟೋದಲ್ಲಿ ಸೆರಗಿನ ನೆರಿಗೆಗಳನ್ನು ಎಣಿಸಬಹುದಿತ್ತು, ಐದಕ್ಕೆ ಐದೂ.

ಚಿಕ್ಕಮ್ಮನ ಸೀರೆ ಕಡು ಹಸಿರು. ಅದೇ ಬಣ್ಣ ತೆಗೆದುಕೊಂಡಿದ್ದರೆ ಹಿಂದಿನ ಎಲೆಗೋಡೆಯಲ್ಲಿ ಕರಗಿಹೋಗುತ್ತಿತ್ತು, ಮುಖವೂ ಕೈಯೂ ಮಾತ್ರ ಗಾಳಿಯಲ್ಲಿ ತೇಲಿದಂತೆ. ಜೊತೆಗೆ ಕುತ್ತಿಗೆಯ ಹತ್ತಿರ ಹಸಿರು ಬಟ್ಟೆಯಿದ್ದರೆ ಅದರಿಂದ ಮೇಲೇಳುವ ಬೆಳಕು ಗದ್ದದ ಕೆಳಗೆ ಹಸಿರು ಛಾಯೆ ಹಚ್ಚುತ್ತದೆ, ನಿದ್ದೆಗೆಟ್ಟವರ ಮುಖದಂತೆ ಕಾಣುತ್ತದೆ. ಗುಲಾಬಿ, ಕೆಂಪು ಕುಲದ ಬಟ್ಟೆ ಮುಖಕ್ಕೆ ಬೆಚ್ಚನೆಯ ಛಾಯೆ ಕೊಡುತ್ತದೆ, ಅದು ಯಾರಿಗೂ ಕೆಡುವುದಿಲ್ಲ.

ಬಣ್ಣ ಆರಿಸುವಾಗ ಮೂರು ಮಾತು ಇಟ್ಟುಕೊಂಡರು: ಹಿಂದಿನ ಗೋಡೆಯಿಂದ ಬೇರೆಯಾಗಬೇಕು, ಹುಡುಗಿಯ ಗೋಧಿ ಮೈಬಣ್ಣದಿಂದಲೂ ಬೇರೆಯಾಗಬೇಕು, ಹಾಗೆಂದು ತೀರ ಕಡುವೂ ತೀರ ತಿಳಿಯೂ ಆಗಬಾರದು. ಎರಡನೆಯದನ್ನು ಎಷ್ಟೋ ಜನ ಮರೆಯುತ್ತಾರೆ. ಪೀಚ್, ಬಿಸ್ಕತ್ ಬಣ್ಣಗಳು ಹಳದಿ ಬೆಳಕಿನಲ್ಲಿ ಮೈಬಣ್ಣಕ್ಕೇ ಬೆರೆತು, ಕತ್ತು ಎಲ್ಲಿ ಮುಗಿಯಿತು ರವಿಕೆ ಎಲ್ಲಿ ಶುರುವಾಯಿತು ಎಂಬುದು ದೂರದ ಫೋಟೋದಲ್ಲಿ ತಿಳಿಯುವುದಿಲ್ಲ. ನೇರಳೆಯನ್ನೂ ಕೈಬಿಟ್ಟರು, ಅದು ಎಲ್‌ಇಡಿ ಬೆಳಕಿನಲ್ಲಿ ಕ್ಯಾಮೆರಾಕ್ಕೆ ನೀಲಿಯಾಗಿ ಕಾಣುವುದು ಸಾಮಾನ್ಯ. ಕೊನೆಗೆ ಆರಿಸಿದ್ದು ಈರುಳ್ಳಿ ಬಣ್ಣ. ಸಂತೆಯಲ್ಲಿ ಸಿಗುವ ಕೆಂಪು ಈರುಳ್ಳಿಯ ಹೊರಸಿಪ್ಪೆಗಿಂತ ಒಂದು ಪದರ ಒಳಗಿನ, ಗುಲಾಬಿಗೂ ವೈನ್ ಬಣ್ಣಕ್ಕೂ ನಡುವಿನ ಬಣ್ಣ. ಜರಿ ಅಂಚು ಮೂರು ಇಂಚು ಮಾತ್ರ, ಒಡಲಿನಲ್ಲಿ ಬುಟ್ಟಾ ಇಲ್ಲ. ತಾಯಿಗೆ, ಇದು ಮದುಮಗಳಿಗೆ ಸಪ್ಪೆಯಾಯಿತೇನೋ ಎಂಬ ಅನುಮಾನ. ಸೆರಗಿನಲ್ಲಿ ಒಂದು ಮೊಳ ತುಂಬಿದ ಜರಿ ಇರಲಿ, ಅದು ಬೆನ್ನ ಹಿಂದೆ ಇಳಿಯುತ್ತದೆ, ಫ್ಲಾಶಿಗೆ ನೇರ ಸಿಗುವುದಿಲ್ಲ, ನಡೆಯುವಾಗ ವಿಡಿಯೊದಲ್ಲಿ ಚೆನ್ನಾಗಿ ಬರುತ್ತದೆ ಎಂದಾಗ ಒಪ್ಪಿದರು. ಜರಿ ಬೇಕು ಅನ್ನುವವರಿಗೆ ಅದನ್ನು ಇಡಬೇಕಾದ ಜಾಗ ಇದೇ: ಸೆರಗಿನ ತುದಿ, ಪಾದದ ಬಳಿಯ ಅಂಚು, ತೋಳಿನ ಅಂಚು. ಎದೆಯ ಮೇಲೆ ಮತ್ತು ಕುತ್ತಿಗೆಯ ಸುತ್ತ ಕಡಿಮೆ ಇದ್ದಷ್ಟೂ ಒಡವೆ ಕಾಣುತ್ತದೆ.

ಕ್ರೇಪಿಗೂ ಅದರದ್ದೇ ದೋಷವಿದೆ. ಮೈಗೆ ಅಂಟಿಕೊಂಡು ಇಳಿಯುತ್ತದೆ, ಹಿಂದಿನಿಂದ ಬೆಳಕು ಬಿದ್ದರೆ ಕಾಲಿನ ಆಕಾರ ಕಾಣುತ್ತದೆ. ಅದಕ್ಕೆ ಅದೇ ಬಣ್ಣದ, ದಪ್ಪ ಹತ್ತಿಯ, ಕೆಳಗೆ ಸ್ವಲ್ಪ ಅಗಲವಾದ ಲಂಗ ಹೊಲಿಸಿದರು. ಹತ್ತಿಯ ಮೇಲೆ ರೇಷ್ಮೆ ಜಾರುವುದಿಲ್ಲ. ಸೆರಗಿನ ಐದು ನೆರಿಗೆಯನ್ನು ನಾಲ್ಕು ಇಂಚಿನಂತೆ ಹಿಂದಿನ ದಿನವೇ ಇಸ್ತ್ರಿ ಮಾಡಿ, ಹೆಗಲಿನಲ್ಲಿ ಒಂದು, ಅದರಿಂದ ಒಂದು ಗೇಣು ಕೆಳಗೆ ಒಂದು, ಹೀಗೆ ಎರಡು ಕಡೆ ಪಿನ್ ಹಾಕಿದರು. ಒಂದೇ ಪಿನ್ನಿನಲ್ಲಿ ಬಿಟ್ಟರೆ ಒಂದು ಗಂಟೆಯೊಳಗೆ ನೆರಿಗೆಗಳು ಬಿಚ್ಚಿಕೊಂಡು ಹಗ್ಗದಂತಾಗುತ್ತವೆ.

ಹುಡುಗನದ್ದು ಬೇಗ ಮುಗಿಯಿತು. ಅವನು ತಂದಿದ್ದ ಕಪ್ಪು ಪಾಲಿಯೆಸ್ಟರ್ ಸೂಟು ಹ್ಯಾಲೊಜನ್ ಕೆಳಗೆ ವಿಡಿಯೊದಲ್ಲಿ ಮಾಸಿದ ಮರೂನಿನಂತೆ ಬಂತು. ಕೆಲವು ಕಪ್ಪು ಬಣ್ಣಗಳು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣವನ್ನು ಹೀರದೆ ವಾಪಸು ಕಳಿಸುತ್ತವೆ, ಕ್ಯಾಮೆರಾದ ಫಿಲ್ಟರ್ ಅದನ್ನು ಪೂರ್ತಿ ತಡೆಯದಿದ್ದರೆ ಕಪ್ಪು ಕೆಂಪಾಗುತ್ತದೆ. ಹ್ಯಾಲೊಜನ್‌ನಲ್ಲಿ ಆ ಕಿರಣ ಧಾರಾಳ. ಎರಡನೆಯ ಆಯ್ಕೆ ಸಣ್ಣ ಚೌಕುಳಿಯ ಬೂದು ಕೋಟು. ದೂರದಿಂದ ತೆಗೆದಾಗ ಅದರ ಮೇಲೆ ನೀರಿನ ಅಲೆಯಂಥ ಬಣ್ಣದ ಗೆರೆಗಳು ಓಡಾಡಿದವು. ಬಟ್ಟೆಯ ಸಣ್ಣ ಗೆರೆಯೂ ಕ್ಯಾಮೆರಾದ ಸಣ್ಣ ಚುಕ್ಕೆಯ ಜಾಲವೂ ಒಂದರ ಮೇಲೊಂದು ಕೂತಾಗ ಹೀಗಾಗುತ್ತದೆ. ಹೊಳಪಿಲ್ಲದ, ಉಣ್ಣೆ ಬೆರೆತ, ತೀರ ಕಡುವಲ್ಲದ ನೇವಿ ನೀಲಿ ಸೂಟು ಗಟ್ಟಿಯಾಯಿತು. ಕಡು ನೇವಿಯಾಗಿದ್ದರೆ ಹಳದಿ ಬೆಳಕಿನಲ್ಲಿ ಕಪ್ಪೇ ಆಗುತ್ತಿತ್ತು. ಶರ್ಟು ಅಚ್ಚಬಿಳಿಯ ಬದಲು ಹಾಲುಕೆನೆಯ ಬಣ್ಣದ್ದು, ಏಕೆಂದರೆ ಅಚ್ಚಬಿಳಿ ಶರ್ಟು ಪಾರ್ ಲೈಟಿನ ಬಣ್ಣವನ್ನೆಲ್ಲ ಹೀರಿಕೊಂಡಂತೆ ತೋರಿಸುತ್ತದೆ, ಫ್ಲಾಶಿನಲ್ಲಿ ಬೇಗ ಸುಟ್ಟಂತಾಗುತ್ತದೆ.

ಬಟ್ಟೆಯಲ್ಲಿ ಮಾಡಲಾಗದ್ದನ್ನು ಬೆಳಕಿನಲ್ಲಿ ಮಾಡಿಸಿಕೊಂಡರು. ಡೆಕೋರೇಷನ್‌ನವರಿಗೆ ಎರಡೇ ಕೋರಿಕೆ. ನೆಲದ ಪಾರ್ ಲೈಟುಗಳನ್ನು ಗೋಡೆಯ ಕಡೆಗೆ ತಿರುಗಿಸಿ, ಒಂದೇ ಬೆಚ್ಚನೆಯ ಬಣ್ಣಕ್ಕೆ ನಿಲ್ಲಿಸಬೇಕು. ದಂಪತಿಯ ಮೇಲೆ ನೀಲಿ, ಕೆನ್ನೇರಳೆ ಬೀಳಬಾರದು. ಹೀಗೆ ಬಿದ್ದ ಬಣ್ಣವನ್ನು ಆಮೇಲೆ ತಿದ್ದುವುದು ಕಷ್ಟ, ಸೀರೆ ಸರಿಮಾಡಿದರೆ ಮುಖ ಕೆಡುತ್ತದೆ. ಎರಡನೆಯದು, ದಂಪತಿ ಎಲೆಗೋಡೆಯಿಂದ ಐದಾರು ಅಡಿ ಮುಂದೆ ನಿಲ್ಲುವಂತೆ ಸೋಫಾ ಇಡುವುದು. ಫೋಟೋಗ್ರಾಫರ್ ತಮ್ಮ ಫ್ಲಾಶಿಗೆ ತೆಳು ಕಿತ್ತಳೆ ಜೆಲ್ ಹಾಳೆ ಕಟ್ಟಿದರು, ಅದರಿಂದ ಫ್ಲಾಶಿನ ಬೆಳಕು ಹ್ಯಾಲೊಜನ್ನಿಗೆ ಹತ್ತಿರವಾಯಿತು. ಜೆಲ್ ಇಲ್ಲದಾಗ ಮುಖದ ಮುಂಭಾಗ ಬಿಳಿ, ತಲೆ ಹೆಗಲು ಅರಿಶಿನ ಹಚ್ಚಿದಂತೆ ಬರುತ್ತಿತ್ತು.

ಇಷ್ಟೆಲ್ಲ ಆಗಿಯೂ ಒಂದು ತಪ್ಪು ಉಳಿದುಕೊಂಡಿತು, ಅದು ರವಿಕೆಯಲ್ಲಿ. ಸೀರೆಯ ಜೊತೆ ಬಂದ ಬ್ಲೌಸ್ ಪೀಸು ತೋಳಿಗೆ ಸಾಲದೆ, ಅಂಗಡಿಯಿಂದ ಅದೇ ಬಣ್ಣದ ರಾ ಸಿಲ್ಕ್ ತರಿಸಿ ತೋಳು ಹೊಲಿದಿದ್ದರು. ಅಂಗಡಿಯ ದೀಪದಲ್ಲಿ ಎರಡೂ ಒಂದೇ. ಆರತಕ್ಷತೆಯ ಸಂಜೆ ಫ್ಲಾಶ್ ಫೋಟೋದಲ್ಲಿಯೂ ಪರವಾಗಿಲ್ಲ ಎನ್ನುವಂತಿತ್ತು. ಹ್ಯಾಲೊಜನ್ ಬೆಳಕೇ ಹೆಚ್ಚಾಗಿ ಬೀಳುವ ವಿಡಿಯೊದಲ್ಲಿ ತೋಳು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ರವಿಕೆಯ ಒಡಲು ಈರುಳ್ಳಿ ಬಣ್ಣದಲ್ಲೇ ಇತ್ತು. ಎರಡು ಬಟ್ಟೆಗೆ ಹಾಕಿದ ಬಣ್ಣದ ಪುಡಿಗಳು ಬೇರೆ ಬೇರೆಯಾಗಿದ್ದರೆ ಒಂದು ಬೆಳಕಿನಲ್ಲಿ ಹೊಂದಿದ್ದು ಇನ್ನೊಂದರಲ್ಲಿ ಬೇರೆಯಾಗುತ್ತದೆ. ಹೊಲಿಯುವ ಮೊದಲು ಎರಡು ತುಂಡನ್ನೂ ಬಿಸಿಲಿಗೆ, ಹಳದಿ ಬಲ್ಬಿಗೆ, ಫೋನಿನ ಟಾರ್ಚಿಗೆ ಹೀಗೆ ಮೂರು ಕಡೆ ಹಿಡಿದು ನೋಡಿದ್ದರೆ ಎರಡು ನಿಮಿಷದಲ್ಲಿ ತಿಳಿಯುತ್ತಿತ್ತು. ವಿಡಿಯೊ ಕೂಡಿಸುವವರು ತೋಳಿನ ಬಣ್ಣವನ್ನಷ್ಟೇ ಆರಿಸಿ ತಿದ್ದಲು ನೋಡಿದರು. ಇಟ್ಟಿಗೆ ಬಣ್ಣ ಹುಡುಗಿಯ ಮುಂಗೈಯ ಬಣ್ಣಕ್ಕೆ ಹತ್ತಿರವಿದ್ದುದರಿಂದ ಮದರಂಗಿ ಹಚ್ಚಿದ ಕೈಯೂ ಜೊತೆಗೇ ಗುಲಾಬಿಯಾಗತೊಡಗಿತು. ಹತ್ತಿರದ ದೃಶ್ಯಗಳಲ್ಲಿ ಮಾತ್ರ ಕೈ ಬಿಟ್ಟು ತೋಳನ್ನು ಗುರುತು ಹಾಕಿ ತಿದ್ದಿದರು, ದೂರದವುಗಳನ್ನು ಹಾಗೆಯೇ ಬಿಟ್ಟರು.